ಗುಂಡನ ಹೊಟ್ಟೆಗೆ ಹೊಲಿಗೆ: ಹರ್ನಿಯಾ ಆಪರೇಷನ್ನಿಗೆ ಬರುವ ಪುಟಾಣಿಗಳಿಗೆ ಒಂದು ವಿಡಿಯೊ

(ಮಕ್ಕಳ ವಾರ್ಡ್, ಕಿಟಕಿ ಪಕ್ಕದ ಮಂಚ. ನರ್ಸ್ ಶೋಭಾ ಆಂಟಿ ಕೂತಿದ್ದಾರೆ, ತೊಡೆ ಮೇಲೆ ಬೂದು ಬಣ್ಣದ ಬಟ್ಟೆ ಆನೆ. ಕ್ಯಾಮೆರಾ ಮಗುವಿನ ಕಣ್ಣಿನ ಎತ್ತರದಲ್ಲೇ ಇರಲಿ. ಹಿನ್ನೆಲೆ ಸಂಗೀತ ಬೇಡ, ವಾರ್ಡಿನ ಸದ್ದು ಹಾಗೇ ಕೇಳಲಿ.)

ಶೋಭಾ ಆಂಟಿ: ಹಾಯ್ ಪುಟ್ಟ! ನಾನು ಶೋಭಾ ಆಂಟಿ. ಇದೇ ವಾರ್ಡಿನಲ್ಲಿ ನರ್ಸ್. ಇವನು ಗುಂಡ. ಗುಂಡನಿಗೂ ನಿನ್ನ ಹಾಗೇ ಆಪರೇಷನ್ ಇದೆ, ಅದಕ್ಕೇ ಬೆಳಿಗ್ಗೆಯಿಂದ ಮುಖ ಹೀಗೆ ಮಾಡಿಕೊಂಡಿದ್ದಾನೆ. ಏನಾಗುತ್ತದೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲವಂತೆ. "ಏನೂ ಆಗಲ್ಲ, ಏನೂ ಆಗಲ್ಲ" ಅಂತ ಎಲ್ಲರೂ ಹತ್ತು ಸಲ ಹೇಳಿದರಂತೆ. ಏನೂ ಆಗದಿದ್ದರೆ ಆಸ್ಪತ್ರೆಗೆ ಯಾಕೆ ಬರಬೇಕು, ಅಲ್ವಾ? ಅದಕ್ಕೆ ಇವತ್ತು ನಾನು ಎಲ್ಲವನ್ನೂ ಹೇಳುತ್ತೇನೆ. ನೋವಾಗುವುದು ಎಲ್ಲಿ, ಆಗದೇ ಇರುವುದು ಎಲ್ಲಿ, ಎರಡೂ.

(ಗುಂಡನ ಹೊಟ್ಟೆಯ ಕೆಳಭಾಗ, ತೊಡೆ ಸೇರುವ ಜಾಗ. ಅಲ್ಲಿ ಹೊಲಿಗೆ ಸ್ವಲ್ಪ ಬಿಟ್ಟು ಹತ್ತಿ ಇಣುಕುತ್ತಿದೆ. ಹತ್ತಿರದಿಂದ.)

ಇಲ್ಲಿ ನೋಡು. ನೀನು ಕೆಮ್ಮಿದಾಗ, ಅತ್ತಾಗ, ಜೋರಾಗಿ ಕುಣಿದಾಗ ಇಲ್ಲಿ ಒಂದು ಉಬ್ಬು ಬರುತ್ತದಲ್ಲ? ಮಲಗಿದರೆ ಸಾಮಾನ್ಯವಾಗಿ ಒಳಗೆ ಹೋಗಿಬಿಡುತ್ತದೆ. ಅದಕ್ಕೇ ಹರ್ನಿಯಾ ಅನ್ನುವುದು. ಹಳೇ ದಿಂಬಿನಲ್ಲಿ ಒಂದು ಕಡೆ ಹೊಲಿಗೆ ಬಿಟ್ಟಿರುತ್ತದೆ, ದಿಂಬು ಒತ್ತಿದರೆ ಅಲ್ಲಿಂದ ಹತ್ತಿ ಇಣುಕುತ್ತದೆ, ನೋಡಿದ್ದೀಯಾ? ಅದೇ ಥರ. ನಿನ್ನ ಹೊಟ್ಟೆಯೊಳಗೆ ಉದ್ದನೆಯ ಮೆತ್ತನೆ ಕರುಳು ಇದೆ. ನೀನು ಅಮ್ಮನ ಹೊಟ್ಟೆಯಲ್ಲಿದ್ದಾಗ ಇಲ್ಲೊಂದು ಪುಟ್ಟ ದಾರಿ ಇತ್ತು. ಅದು ತಾನಾಗೇ ಮುಚ್ಚಿಕೊಳ್ಳಬೇಕಿತ್ತು. ಕೆಲವು ಮಕ್ಕಳಿಗೆ ಮುಚ್ಚಿಕೊಳ್ಳುವುದಿಲ್ಲ. ಆಗ ಕರುಳು ಅಲ್ಲಿಂದ ಸ್ವಲ್ಪ ಇಣುಕುತ್ತದೆ.

ನೀನು ಜಾಸ್ತಿ ಕುಣಿದದ್ದಕ್ಕೆ ಇದು ಬಂದಿಲ್ಲ. ಚಾಕೊಲೇಟ್ ತಿಂದದ್ದಕ್ಕೂ ಅಲ್ಲ, ಅಮ್ಮನ ಮಾತು ಕೇಳದೇ ಇದ್ದದ್ದಕ್ಕೂ ಅಲ್ಲ. ಗುಂಡ ಹಾಗೇ ಅಂದುಕೊಂಡು ಮೂರು ದಿನ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದನಂತೆ, ಪೆದ್ದ.

ದಿಂಬಿನ ಹೊಲಿಗೆ ಬಿಟ್ಟರೆ ಅಜ್ಜಿ ಏನು ಮಾಡುತ್ತಾರೆ? ಹತ್ತಿಯನ್ನು ಒಳಗೆ ತಳ್ಳಿ ಹೊಲಿದುಬಿಡುತ್ತಾರೆ. ಡಾಕ್ಟರ್ ಕೂಡ ಹೆಚ್ಚು ಕಡಿಮೆ ಅದೇ ಕೆಲಸ ಮಾಡುವುದು.

(ಮಂಚದ ಮೇಲೆ ಖಾಲಿ ತಟ್ಟೆ.)

ಈಗ ಸ್ವಲ್ಪ ಬೇಜಾರಿನ ವಿಷಯ. ಆಪರೇಷನ್ ದಿನ ಬೆಳಿಗ್ಗೆ ತಿಂಡಿ ಇಲ್ಲ. ಇಡ್ಲಿ ಇಲ್ಲ, ಹಾಲಿಲ್ಲ, ಬಿಸ್ಕತ್ತಿಲ್ಲ. ನೀರು ಎಷ್ಟು ಹೊತ್ತಿನವರೆಗೆ ಕುಡಿಯಬಹುದು ಅಂತ ಅಮ್ಮನಿಗೆ ಹೇಳಿರುತ್ತೇವೆ, ಆಮೇಲೆ ಅದೂ ಇಲ್ಲ. ಹಸಿವಾಗುತ್ತದೆ. ಪಕ್ಕದ ಮನೆಯಿಂದ ದೋಸೆ ವಾಸನೆ ಬಂದರಂತೂ ಕೇಳಲೇ ಬೇಡ. ಯಾಕೆ ಕೊಡುವುದಿಲ್ಲ ಅಂದರೆ, ನೀರು ಕುಡಿಯುವಾಗ ನಗು ಬಂದು ನೆತ್ತಿಗೆ ಹತ್ತುತ್ತದಲ್ಲ, ಆಗ ಕೆಮ್ಮಿ ಕೆಮ್ಮಿ ಸರಿ ಮಾಡಿಕೊಳ್ಳುತ್ತೀಯ. ನಿದ್ದೆ ಔಷಧಿ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಹಾಗೆ ಕೆಮ್ಮುವುದಕ್ಕೆ ಆಗುವುದಿಲ್ಲ. ಅದಕ್ಕೇ ಹೊಟ್ಟೆ ಖಾಲಿ ಇರಬೇಕು.

ಅಜ್ಜಿಯಂದಿರೇ, ನಿಮಗೂ ಒಂದು ಮಾತು. "ಪಾಪ, ಮಗು ಹಸಿದಿದೆ" ಅಂತ ಸೆರಗಿನ ಮರೆಯಲ್ಲಿ ಒಂದು ಬಿಸ್ಕತ್ತು ಕೊಡಬೇಡಿ. ಕೊಟ್ಟಿದ್ದರೆ ದಯವಿಟ್ಟು ಹೇಳಿಬಿಡಿ, ಯಾರೂ ಬೈಯುವುದಿಲ್ಲ, ಆಪರೇಷನ್ ಸ್ವಲ್ಪ ಮುಂದೆ ಹೋಗುತ್ತದೆ ಅಷ್ಟೇ. ಹೇಳದೇ ಇದ್ದರೆ ಮಾತ್ರ ನಿಜವಾಗಲೂ ಅಪಾಯ.

ಪುಟ್ಟ, ನೀನೂ ಅಷ್ಟೇ. ಕದ್ದು ತಿಂದಿದ್ದರೆ ನನ್ನ ಕಿವಿಯಲ್ಲಿ ಹೇಳು.

(ಗುಂಡನಿಗೆ ಹಿಂದಿನಿಂದ ಲಾಡಿ ಕಟ್ಟುವ ಪುಟ್ಟ ಗೌನ್. ಅವನ ಸೊಂಟದಲ್ಲಿ ಕಪ್ಪು ಉಡಿದಾರ.)

ಆಸ್ಪತ್ರೆಗೆ ಬಂದ ಮೇಲೆ ಈ ಗೌನ್ ಹಾಕಿಕೊಳ್ಳಬೇಕು. ಹಿಂದೆ ಸ್ವಲ್ಪ ಗಾಳಿ ಆಡುತ್ತದೆ, ನಗು ಬಂದರೆ ನಕ್ಕುಬಿಡು. ಉಡಿದಾರ, ತಾಯತ, ಕಾಲ್ಗೆಜ್ಜೆ ಎಲ್ಲ ಬಿಚ್ಚಿ ಅಮ್ಮನ ಕೈಗೆ ಕೊಡುತ್ತೇವೆ. ಉಡಿದಾರ ಇರುವ ಜಾಗದ ಹತ್ತಿರವೇ ಆಪರೇಷನ್ ಅಲ್ವಾ, ಅಡ್ಡ ಬರುತ್ತದೆ. ಆಮೇಲೆ ಯಾವಾಗ ಕಟ್ಟಬಹುದು ಅಂತ ಡಾಕ್ಟರನ್ನೇ ಕೇಳೋಣ. ಡಾಕ್ಟರ್ ಆ ಉಬ್ಬನ್ನು ಇನ್ನೊಂದು ಸಲ ನೋಡಿ, ಯಾವ ಕಡೆ ಅಂತ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಚಡ್ಡಿ ಒಳಗಿನ ಜಾಗ, ನಾಚಿಕೆ ಆಗುತ್ತದೆ, ಗೊತ್ತು. ಅಮ್ಮನೋ ಅಪ್ಪನೋ ಪಕ್ಕದಲ್ಲೇ ಇರುತ್ತಾರೆ, ಡಾಕ್ಟರ್ ನಿನಗೆ ಹೇಳಿಯೇ ನೋಡುತ್ತಾರೆ.

(ಬೆರಳಿಗೆ ಸಿಕ್ಕಿಸುವ ಕ್ಲಿಪ್. ಕೆಂಪು ಬೆಳಕು ಕಾಣಲಿ.)

ಇದು ಬೆರಳಿಗೆ ಹಾಕುವ ಕ್ಲಿಪ್. ಕಚ್ಚುವುದಿಲ್ಲ, ಬಟ್ಟೆ ಒಣಗಿಹಾಕುವ ಕ್ಲಿಪ್ಪಿಗಿಂತ ಮೆತ್ತಗಿದೆ. ಒಳಗೆ ಕೆಂಪು ಲೈಟು. ನಿನ್ನ ಎದೆ ಎಷ್ಟು ಬೇಗ ಡಬ್ ಡಬ್ ಅನ್ನುತ್ತಿದೆ, ರಕ್ತದಲ್ಲಿ ಗಾಳಿ ಸರಿಯಾಗಿದೆಯಾ ಅಂತ ಇದು ಹೇಳುತ್ತದೆ. ಇದರ ಮಶೀನು "ಟಿಕ್ ಟಿಕ್" ಅನ್ನುತ್ತಿರುತ್ತದೆ. ಕ್ಲಿಪ್ ಜಾರಿದರೆ ಕಿರುಚಿಕೊಳ್ಳುತ್ತದೆ. ಆಗ ಹೆದರಬೇಡ, ಅದಕ್ಕೆ ಎಲ್ಲದಕ್ಕೂ ಗಲಾಟೆ ಮಾಡುವ ಅಭ್ಯಾಸ.

(ಆಂಟಿಯ ಅಂಗೈ ಹಿಂಭಾಗ. ಬಿಳಿ ಕ್ರೀಮ್ ಹಚ್ಚಿ ಮೇಲೆ ಪಾರದರ್ಶಕ ಪ್ಲಾಸ್ಟರ್ ಅಂಟಿಸುತ್ತಾರೆ. ಈ ಶಾಟ್ ನಿಧಾನವಾಗಿರಲಿ.)

ಈಗ ಸೂಜಿ. ಹೌದು, ಒಂದು ಸೂಜಿ ಇದೆ. ಅದಕ್ಕೆ ಮೊದಲು ಈ ಬಿಳಿ ಕ್ರೀಮ್ ಹಚ್ಚುತ್ತೇವೆ. ಹಚ್ಚಿ, ಮೇಲೆ ಹೀಗೆ ಅಂಟಿಸಿ, ಸುಮಾರು ಒಂದು ಗಂಟೆ ಬಿಟ್ಟರೆ ಆ ಜಾಗ ಮರಗಟ್ಟುತ್ತದೆ. ಕ್ರೀಮ್ ಒರೆಸಿದ ಮೇಲೆ ಮುಟ್ಟಿ ನೋಡು, ನಿನ್ನ ಕೈ ನಿನ್ನದೇ ಅಲ್ಲವೇನೋ ಅನ್ನಿಸುತ್ತದೆ. ಆಮೇಲೆ ಚುಚ್ಚಿದಾಗ ಯಾರೋ ಒತ್ತಿದ ಹಾಗೆ ಆಗಬಹುದು, ಕೆಲವರಿಗೆ ಸ್ವಲ್ಪ ಚುರುಕ್ ಅನ್ನುತ್ತದೆ. ಅಳಬೇಕು ಅನ್ನಿಸಿದರೆ ಅಳು. ಕೈ ಮಾತ್ರ ಅಲ್ಲಾಡಿಸಬೇಡ, ಇಷ್ಟೇ ನಿನ್ನ ಕೆಲಸ. ಸೂಜಿ ತಕ್ಷಣ ಹೊರಗೆ ಬರುತ್ತದೆ, ಒಳಗೆ ಉಳಿಯುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ. ಎಷ್ಟೋ ಮಕ್ಕಳು ಒಳಗೆ ಸೂಜಿ ಇದೆ ಅಂದುಕೊಂಡು ಇಡೀ ದಿನ ಕೈ ಅಲ್ಲಾಡಿಸದೆ ಕೂರುತ್ತಾರೆ. ಕೆಲವು ಮಕ್ಕಳಿಗೆ ನಿದ್ದೆ ಬಂದ ಮೇಲೆಯೇ ಸೂಜಿ ಹಾಕುತ್ತಾರೆ, ನಿನಗೆ ಯಾವುದು ಅಂತ ನಿದ್ದೆ ಡಾಕ್ಟರ್ ಹೇಳುತ್ತಾರೆ.

ಅಪ್ಪ ಅಮ್ಮಂದಿರೇ, "ಗಲಾಟೆ ಮಾಡಿದರೆ ಸಿಸ್ಟರ್ ಇಂಜೆಕ್ಷನ್ ಚುಚ್ಚುತ್ತಾರೆ" ಅಂತ ಹೆದರಿಸಿ ಕರೆದುಕೊಂಡು ಬರಬೇಡಿ. ನೀವು ಮನೆಯಲ್ಲಿ ಹೇಳಿದ ಆ ಒಂದು ಮಾತಿಗೆ ನಾವಿಲ್ಲಿ ಅರ್ಧ ಗಂಟೆ ಸಮಾಧಾನ ಮಾಡಬೇಕಾಗುತ್ತದೆ.

(ಆಪರೇಷನ್ ಥಿಯೇಟರ್. ಆಂಟಿ ಹಸಿರು ಟೋಪಿ, ಮಾಸ್ಕ್ ಹಾಕಿಕೊಂಡು ಕ್ಯಾಮೆರಾ ಮುಂದೆ ಬರುತ್ತಾರೆ.)

ಇಲ್ಲೇ ಆಪರೇಷನ್ ಮಾಡುವುದು. ಒಳಗೆ ಚಳಿ. ಮೇಲೆ ದೊಡ್ಡ ದೊಡ್ಡ ಲೈಟು. ಎಲ್ಲರೂ ಹೀಗೇ ಇರುತ್ತಾರೆ, ಕಣ್ಣು ಬಿಟ್ಟು ಏನೂ ಕಾಣುವುದಿಲ್ಲ. ಈಗ ನಾನು ನಗುತ್ತಿದ್ದೇನಾ, ಇಲ್ಲವಾ ಹೇಳು? ಕಣ್ಣಿನ ಪಕ್ಕ ನೋಡು. ಇಲ್ಲಿ ಸುಕ್ಕು ಬಂತಲ್ಲ? ನಗುತ್ತಿದ್ದೇನೆ. ಇನ್ನು ಮುಂದೆ ಮಾಸ್ಕ್ ಹಾಕಿದವರು ಯಾರು ಬಂದರೂ ಮೊದಲು ಕಣ್ಣಿನ ಪಕ್ಕ ನೋಡು.

(ಪಾರದರ್ಶಕ ಮಾಸ್ಕ್, ಅದಕ್ಕೆ ಸೇರಿಸಿದ ಕೊಳವೆ ಮತ್ತು ಗಾಳಿ ಚೀಲ. ಗುಂಡನ ಮುಖಕ್ಕೆ ಇಡುತ್ತಾರೆ, ಸೊಂಡಿಲು ಅಡ್ಡ ಬರುತ್ತದೆ.)

ಸೊಂಡಿಲು ಮಡಚೋ! ಗುಂಡನದು ಯಾವಾಗಲೂ ಇದೇ ರಗಳೆ. ನಿನಗೆ ಆ ಕಷ್ಟ ಇಲ್ಲ. ಈ ಮಾಸ್ಕ್ ಮೂಗು ಬಾಯಿ ಮೇಲೆ ಇಡುತ್ತಾರೆ. ಸ್ಕೆಚ್ ಪೆನ್ ಮುಚ್ಚಳ ತೆಗೆದಾಗ ಬರುತ್ತದಲ್ಲ, ಆ ಥರದ ಒಂದು ವಾಸನೆ ಬರಬಹುದು. ಚೆನ್ನಾಗಿರುವುದಿಲ್ಲ, ಆದರೆ ಜಾಸ್ತಿ ಹೊತ್ತು ಇರುವುದಿಲ್ಲ. ನೀನು ಉಸಿರು ಬಿಟ್ಟರೆ ಈ ಚೀಲ ಬಲೂನಿನ ಹಾಗೆ ಉಬ್ಬುತ್ತದೆ, ಎಳೆದುಕೊಂಡರೆ ಸಣ್ಣ ಆಗುತ್ತದೆ. ಎಷ್ಟು ದೊಡ್ಡದು ಮಾಡುತ್ತೀಯೋ ನೋಡೋಣ. ಸುಮಾರು ಮಕ್ಕಳು ಹತ್ತು ಸಲ ಊದುವುದರೊಳಗೆ ಆಕಳಿಸಿರುತ್ತಾರೆ. ಕೈಯಲ್ಲಿ ಕೊಳವೆ ಇದ್ದವರಿಗೆ ಮಾಸ್ಕ್ ಬದಲು ಅದರಲ್ಲೇ ನಿದ್ದೆ ಔಷಧಿ ಹಾಕಬಹುದು.

ಈ ನಿದ್ದೆ ಮನೆಯ ನಿದ್ದೆ ಥರ ಅಲ್ಲ. ಮನೆಯಲ್ಲಿ ಸೊಳ್ಳೆ ಕಚ್ಚಿದರೆ ನಿದ್ದೆಯಲ್ಲೇ ಕೆರೆದುಕೊಳ್ಳುತ್ತೀಯ, ಕುಕ್ಕರ್ ಕೂಗಿದರೆ ಎದ್ದುಬಿಡುತ್ತೀಯ. ಇಲ್ಲಿ ಹಾಗಲ್ಲ, ಡಾಕ್ಟರ್ ಹೊಲಿಯುವುದು ನಿನಗೆ ಗೊತ್ತೇ ಆಗುವುದಿಲ್ಲ. ಮಧ್ಯದಲ್ಲಿ ಎಚ್ಚರ ಆಗಿಬಿಟ್ಟರೆ ಅಂತ ಗುಂಡ ಕೇಳುತ್ತಿದ್ದಾನೆ. ಅದಕ್ಕೇ ನಿದ್ದೆ ಡಾಕ್ಟರ್ ಇರುವುದು. ಅವರು ಹೊಲಿಯುವುದಿಲ್ಲ, ಬೇರೆ ಕಡೆ ಹೋಗುವುದಿಲ್ಲ, ನಿನ್ನ ತಲೆ ಪಕ್ಕ ಕೂತು ಪೂರ್ತಿ ಹೊತ್ತು ನಿನ್ನ ಉಸಿರು ನೋಡುತ್ತಿರುತ್ತಾರೆ, ಬೇಕಾದಷ್ಟು ಔಷಧಿ ಕೊಡುತ್ತಿರುತ್ತಾರೆ. ಹೊಲಿಗೆ ಮುಗಿದ ಮೇಲೆ ಔಷಧಿ ನಿಲ್ಲಿಸುತ್ತಾರೆ. ಆಗ ಏಳುತ್ತೀಯ.

(ಆಂಟಿಯ ಅಂಗೈಯಲ್ಲಿ ಒಂದು ಹುಣಸೆ ಬೀಜ.)

ಗಾಯ ಎಷ್ಟು ದೊಡ್ಡದು ಗೊತ್ತಾ? ಹೆಚ್ಚು ಕಡಿಮೆ ಇಷ್ಟುದ್ದ. ಚೌಕಾಬಾರ ಆಡುವಾಗ ಹುಣಸೆ ಬೀಜ ಹಾಕುತ್ತೀರಲ್ಲ, ಅಷ್ಟೇ. ಮೇಲೆ ಒಂದು ಪ್ಲಾಸ್ಟರ್. ಚರ್ಮದ ಒಳಗೆ ಹಾಕುವ ದಾರ ತಾನಾಗೇ ಕರಗಿಹೋಗುತ್ತದೆ, ಎಳೆದು ತೆಗೆಯುವುದಿಲ್ಲ.

(ರಿಕವರಿ ರೂಮ್. ಗುಂಡ ಹೊದ್ದು ಮಲಗಿದ್ದಾನೆ.)

ಎದ್ದಾಗ ಸ್ವಲ್ಪ ಮಂಪರು ಇರುತ್ತದೆ. ಕೆಲವು ಮಕ್ಕಳು ಎದ್ದ ಕೂಡಲೇ ಯಾಕೆ ಅಂತ ಅವರಿಗೇ ಗೊತ್ತಿಲ್ಲದೆ ಜೋರಾಗಿ ಅಳುತ್ತಾರೆ, ಅಮ್ಮನನ್ನೇ ತಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ, ಆಮೇಲೆ ನೆನಪೂ ಇರುವುದಿಲ್ಲ. ವಾಂತಿ ಬಂದ ಹಾಗೆ ಆಗಬಹುದು. ನೋವಾಗದಿರಲಿ ಅಂತ ಬೆನ್ನಿನ ಕೆಳಗೆ ಔಷಧಿ ಕೊಟ್ಟಿದ್ದರೆ, ಅದನ್ನೂ ನಿದ್ದೆಯಲ್ಲೇ ಕೊಡುವುದು, ಕಾಲು ಸ್ವಲ್ಪ ಹೊತ್ತು ಜೋಮು ಹಿಡಿದ ಹಾಗೆ ಇರುತ್ತದೆ. ಕಾಲು ಎಲ್ಲಿಗೂ ಹೋಗಿಲ್ಲ. ಆದರೆ ಒಬ್ಬನೇ ಎದ್ದು ಓಡಬೇಡ, ಬಿದ್ದುಬಿಡುತ್ತೀಯ.

ಜೋಮು ಬಿಟ್ಟ ಮೇಲೆ ಗಾಯ ನೋಯುತ್ತದೆ. ಹೌದು, ನೋಯುತ್ತದೆ. ನಕ್ಕಾಗ, ಕೆಮ್ಮಿದಾಗ ಜಾಸ್ತಿ. ಅದಕ್ಕೆ ಸಿರಪ್ ಇದೆ, ಆದರೆ ನೀನು ಹೇಳಬೇಕು. ಸುಮ್ನೆ ಹಲ್ಲು ಕಚ್ಚಿಕೊಂಡು ಮಲಗಿದ್ದರೆ ನಮಗೆ ಹೇಗೆ ಗೊತ್ತಾಗುತ್ತದೆ?

ಮೊದಲು ಒಂದೆರಡು ಗುಟುಕು ನೀರು, ಅದು ಹೊಟ್ಟೆಯಲ್ಲಿ ನಿಂತರೆ ಇಡ್ಲಿ. ಎಲ್ಲ ಸರಿ ಇದ್ದರೆ ಹೆಚ್ಚಿನ ಮಕ್ಕಳು ಅವತ್ತು ಸಂಜೆಯೇ ಮನೆಗೆ ಹೊರಡುತ್ತಾರೆ. ಪ್ಲಾಸ್ಟರ್ ಕೀಳಬೇಡ, ನೆನೆಸಬೇಡ. ಸೈಕಲ್, ಕಟ್ಟೆ ಮೇಲಿಂದ ಜಿಗಿಯುವುದು, ತಮ್ಮನ ಜೊತೆ ಕುಸ್ತಿ, ಇವೆಲ್ಲ ಡಾಕ್ಟರ್ ಸರಿ ಅನ್ನುವವರೆಗೆ ಬಂದ್. ಕೆಲವು ವಾರ ಆಗಬಹುದು. ಚೌಕಾಬಾರಕ್ಕೆ ಅಡ್ಡಿಯಿಲ್ಲ.

(ಮತ್ತೆ ಕಿಟಕಿ ಪಕ್ಕದ ಮಂಚ.)

ಅಮ್ಮ, ಅಪ್ಪ, ಬರುವ ಮೊದಲು ನೆಗಡಿ, ಕೆಮ್ಮು, ಜ್ವರ ಬಂದರೆ ಫೋನ್ ಮಾಡಿ. ಅಷ್ಟರೊಳಗೆ ಆ ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ಇದ್ದು, ಮಗು ನೋವಿನಿಂದ ಅಳುತ್ತಿದ್ದರೆ, ವಾಂತಿ ಮಾಡಿದರೆ ಆಪರೇಷನ್ ದಿನಕ್ಕೆ ಕಾಯಬೇಡಿ, ರಾತ್ರಿಯಾದರೂ ಸರಿ, ತಕ್ಷಣ ಬಂದುಬಿಡಿ.

ಪುಟ್ಟ, ಬರುವಾಗ ನಿನ್ನ ಇಷ್ಟದ ಗೊಂಬೆ ತಂದುಕೋ, ಅದಕ್ಕೂ ಒಂದು ಪ್ಲಾಸ್ಟರ್ ಅಂಟಿಸೋಣ. ಆಮೇಲೆ, ಕ್ರೀಮ್ ಎಡಗೈಗಾ ಬಲಗೈಗಾ ಅಂತ ನಾನು ನಿನ್ನನ್ನೇ ಕೇಳುತ್ತೇನೆ. ಗುಂಡ ಎಡಗೈ ಅಂದಿದ್ದಾನೆ, ಬಲಗೈಯಲ್ಲಿ ಬಾಳೆಹಣ್ಣು ತಿನ್ನಬೇಕಂತೆ. ನೀನು ಮನೆಯಲ್ಲೇ ಯೋಚನೆ ಮಾಡಿಕೊಂಡು ಬಾ.