ಸೂಜಿಗಾಯ: ತಡೆಯುವುದು, ಚುಚ್ಚಿದ ಮೇಲೆ ಮಾಡಬೇಕಾದದ್ದು, ಸಿಬ್ಬಂದಿ ತರಬೇತಿ

ಆಕ್ಯುಪೇಷನಲ್ ಹೆಲ್ತ್ ನರ್ಸಿಂಗ್ ಅಸೈನ್‌ಮೆಂಟ್
ಅಧ್ಯಯನದ ಜಾಗ: ಪುಣೆಯ ಹಡಪ್ಸರ್ ಕಡೆಯ 60 ಹಾಸಿಗೆಗಳ ಒಂದು ಖಾಸಗಿ ಆಸ್ಪತ್ರೆ

ಯಾರಿಗಾಗಿ ಈ ಯೋಜನೆ

ಈ ಆಸ್ಪತ್ರೆಯಲ್ಲಿ ನರ್ಸ್‌ಗಳು ಎಲ್ಲ ಕಡೆಯಿಂದ ಬಂದವರು. ಆದರೆ ವಾರ್ಡ್ ಗುಡಿಸುವ, ಕಸ ಒಯ್ಯುವ, ಬೆಡ್‌ಶೀಟ್ ತೆಗೆಯುವ ಮಾವಶಿಯರಲ್ಲಿ ಹೆಚ್ಚಿನವರು ಕಲಬುರಗಿ, ವಿಜಯಪುರ ಕಡೆಯವರು. ಕೆಲಸದ ಮಾತು ಮರಾಠಿ, ಊಟದ ಹೊತ್ತಿನ ಮಾತು ಕನ್ನಡ. ಗೋಡೆಯ ಮೇಲಿನ ಸೂಚನೆಗಳೆಲ್ಲ ಇಂಗ್ಲಿಷಿನಲ್ಲಿವೆ. ತರಬೇತಿ ಇವರಿಗೂ ತಲುಪಬೇಕು ಎಂಬ ಕಾರಣಕ್ಕೆ ಕನ್ನಡದಲ್ಲಿ ಬರೆಯಲು ಮೇಡಂ ಅನುಮತಿ ಕೊಟ್ಟರು.

ಸೂಜಿಗಾಯ ಎಂದರೆ ಇಂಜೆಕ್ಷನ್ ಕೊಡುವವರ ಸಮಸ್ಯೆ ಎಂದುಕೊಳ್ಳುತ್ತೇವೆ. ಆದರೆ ಸಿಸ್ಟರ್ ಹಾಸಿಗೆಯ ಮೇಲೆ ಮರೆತ ಸೂಜಿ ಬೆಡ್‌ಶೀಟ್ ಸುತ್ತುವವರಿಗೆ ಚುಚ್ಚುತ್ತದೆ. ಕೆಂಪು ಚೀಲಕ್ಕೆ ತಪ್ಪಿ ಬಿದ್ದ ಸೂಜಿ ಆ ಚೀಲ ಎತ್ತುವವರ ತೊಡೆಗೆ ಚುಚ್ಚುತ್ತದೆ. ಆ ಸೂಜಿ ಯಾವ ರೋಗಿಯದು ಅಂತ ಆಮೇಲೆ ಗೊತ್ತಾಗುವುದೇ ಇಲ್ಲ. ಹಾಗಾಗಿ ಈ ಯೋಜನೆಯನ್ನು ಮಾವಶಿಯರಿಂದ ಶುರು ಮಾಡಿದ್ದೇನೆ.

ಅಪಾಯ ಎಷ್ಟು?

ಸೋಂಕಿರುವ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸುಮಾರು 0.3%. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ 6ರಿಂದ 30%. ಹೆಪಟೈಟಿಸ್ ಸಿ ಬರುವ ಸಾಧ್ಯತೆ 2%ಕ್ಕಿಂತ ಕಡಿಮೆ. ಎಲ್ಲರೂ ಹೆದರುವುದು ಎಚ್‌ಐವಿಗೆ, ಜಾಸ್ತಿ ಹರಡುವುದು ಹೆಪಟೈಟಿಸ್ ಬಿ. ಅದಕ್ಕೆ ಲಸಿಕೆಯೂ ಇದೆ, ಅಲ್ವಾ? ಆದರೂ ಗುತ್ತಿಗೆ ಸಿಬ್ಬಂದಿಯಲ್ಲಿ ಹಲವರಿಗೆ ಮೂರು ಡೋಸ್ ಪೂರ್ತಿ ಆಗಿಲ್ಲ.

ಗಾಯ ಆಳವಾಗಿದ್ದರೆ, ಸೂಜಿಯ ಮೇಲೆ ರಕ್ತ ಕಾಣುತ್ತಿದ್ದರೆ, ಅದು ರಕ್ತನಾಳದಿಂದ ಆಗಷ್ಟೇ ಹೊರಬಂದಿದ್ದರೆ ಅಪಾಯ ಹೆಚ್ಚು. ಹೊಲಿಗೆಯ ಸೂಜಿ ಗಟ್ಟಿ. ಕ್ಯಾನುಲಾದ ಸೂಜಿ ಟೊಳ್ಳು, ಒಳಗೆ ರಕ್ತ ನಿಲ್ಲುತ್ತದೆ. ಗ್ಲೌಸ್ ಸೂಜಿಯನ್ನು ತಡೆಯುವುದಿಲ್ಲ, ಆದರೆ ಮೇಲಿನ ರಕ್ತವನ್ನು ಸ್ವಲ್ಪ ಒರೆಸಿಕೊಳ್ಳುತ್ತದೆ. ಅಷ್ಟಕ್ಕಾದರೂ ಹಾಕಿಕೊಳ್ಳಬೇಕು.

ತಡೆಯುವುದು

ಮೊದಲ ಪ್ರಶ್ನೆ: ಈ ಇಂಜೆಕ್ಷನ್ ಬೇಕೇ? ಬಾಯಲ್ಲಿ ಮಾತ್ರೆ ನುಂಗಬಲ್ಲ ರೋಗಿಗೆ ಸುಮ್ನೆ ಸೂಜಿ ಯಾಕೆ? ಇದನ್ನು ಡಾಕ್ಟರ್ ಹತ್ತಿರ ಕೇಳುವುದು ನರ್ಸ್‌ನ ಕೆಲಸವೂ ಹೌದು.

ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬಾರದು. ಹಾಕಲೇಬೇಕಾದ ಸಂದರ್ಭ ಬಂದರೆ ಕ್ಯಾಪನ್ನು ಟ್ರೇಯಲ್ಲಿಟ್ಟು, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸಿ ಎತ್ತಬೇಕು. ಇನ್ನೊಂದು ಕೈ ಬೆನ್ನ ಹಿಂದೆ. ಕೈಯಿಂದ ಕೈಗೆ ಸೂಜಿ ದಾಟಿಸಬಾರದು, ಕಿಡ್ನಿ ಟ್ರೇಯಲ್ಲಿಟ್ಟು ಕೊಡಬೇಕು.

ಈ ಆಸ್ಪತ್ರೆಯಲ್ಲಿ ನನಗೆ ಕಂಡ ದೊಡ್ಡ ಕೊರತೆ ಡಬ್ಬಿಯ ಜಾಗ. ಬಳಸಿದ ಸೂಜಿ ಕತ್ತರಿಸುವ ಹಬ್ ಕಟರ್ ಮತ್ತು ಚೂಪಾದ ಕಸ ಹಾಕುವ ಬಿಳಿ ಶಾರ್ಪ್ಸ್ ಡಬ್ಬಿ ನರ್ಸಿಂಗ್ ಸ್ಟೇಷನ್‌ನಲ್ಲಿವೆ. ಕೊನೆಯ ಹಾಸಿಗೆಯಿಂದ ಅಲ್ಲಿಗೆ ಬರುವಷ್ಟರಲ್ಲಿ ಬಿಚ್ಚಿದ ಸೂಜಿ ಹಿಡಿದು ಇಡೀ ವಾರ್ಡ್ ದಾಟಬೇಕು. ದಾರಿಯಲ್ಲಿ ಸಂಬಂಧಿಕರು, ಊಟದ ಗಾಡಿ, ಓಡಾಡುವ ಮಕ್ಕಳು. ಇಂಥ ಕಡೆ ಸಿಸ್ಟರ್ ಕ್ಯಾಪ್ ಹಾಕಿಯೇ ಹಾಕುತ್ತಾರೆ. ಅವರನ್ನು ಬೈದು ಏನು ಪ್ರಯೋಜನ? ಡಬ್ಬಿ ಮತ್ತು ಕಟರ್ ಎರಡೂ ಡ್ರೆಸ್ಸಿಂಗ್ ಟ್ರಾಲಿಯ ಮೇಲೆ, ಹಾಸಿಗೆಯ ಪಕ್ಕಕ್ಕೆ ಬರಬೇಕು. ಮುಕ್ಕಾಲು ತುಂಬಿದ ಕೂಡಲೇ ಡಬ್ಬಿ ಮುಚ್ಚಬೇಕು. ತುಂಬಿದ್ದನ್ನು ಒತ್ತಿ ಜಾಗ ಮಾಡುವ ಅಭ್ಯಾಸ ಒಂದೆರಡು ಕಡೆ ಕಂಡಿತು, ಅದು ನಿಲ್ಲಬೇಕು.

ಚುಚ್ಚಿದ ಮೇಲೆ

ಒಂದು ಉದಾಹರಣೆ ಇಟ್ಟುಕೊಂಡು ಬರೆಯುತ್ತೇನೆ. ರಾತ್ರಿ 2.10. ಕಸದ ಚೀಲ ಕಟ್ಟುವಾಗ ಮಾವಶಿಯೊಬ್ಬರ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂತು.

ಮೊದಲು ಗ್ಲೌಸ್ ತೆಗೆದು, ಹರಿಯುವ ನೀರು ಮತ್ತು ಸೋಪಿನಿಂದ ತೊಳೆಯಬೇಕು. ಬೆರಳನ್ನು ಹಿಂಡಬಾರದು, ಬಾಯಲ್ಲಿ ಹಾಕಬಾರದು. ಸ್ಪಿರಿಟ್, ಬ್ಲೀಚ್, ಅಯೋಡಿನ್ ಹಚ್ಚಬಾರದು. ಹಿಂಡಿದರೆ ಕೆಟ್ಟ ರಕ್ತ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ತರಬೇತಿಯಲ್ಲಿ ಇದನ್ನು ಬೇರೆಯಾಗಿಯೇ ಹೇಳಬೇಕು. ಕಣ್ಣಿಗೆ ರಕ್ತ ಚಿಮ್ಮಿದರೆ ನೀರು ಅಥವಾ ಸಲೈನ್‌ನಿಂದ ತೊಳೆಯಬೇಕು, ಸೋಪು ಬೇಡ.

ಕೂಡಲೇ ಡ್ಯೂಟಿ ಸಿಸ್ಟರ್‌ಗೆ, ಅವರಿಂದ ಕ್ಯಾಜುವಾಲ್ಟಿ ಡಾಕ್ಟರ್‌ಗೆ ಹೇಳಬೇಕು. ‘ಬೆಳಿಗ್ಗೆ ಸೂಪರ್‌ವೈಸರ್ ಬರಲಿ’ ಎಂದು ಕಾಯುವುದೇ ಇಲ್ಲಿ ಕಷ್ಟ ತರುವುದು. ಎಚ್‌ಐವಿ ತಡೆಯುವ ಮಾತ್ರೆ, ಅಂದರೆ ಪಿಇಪಿ, ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಶುರು ಮಾಡುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮೊದಲ ಡೋಸ್ 4.10ರೊಳಗೆ ಹೊಟ್ಟೆಗೆ ಹೋಗಬೇಕು. ಹಾಗಾಗಬೇಕಾದರೆ ಮಾತ್ರೆ ಕ್ಯಾಜುವಾಲ್ಟಿಯಲ್ಲೇ ಇರಬೇಕು. ಫಾರ್ಮಸಿಯ ಬೀಗದ ಕಪಾಟಿನಲ್ಲಿದ್ದರೆ ರಾತ್ರಿ ಪಾಳಿಯವರಿಗೆ ಅದು ಇದ್ದೂ ಇಲ್ಲದಂತೆ.

ಪಿಇಪಿ ಬೇಕೋ ಬೇಡವೋ ಎಂಬುದನ್ನು ಗಾಯ ಮತ್ತು ರೋಗಿಯ ಸ್ಥಿತಿ ನೋಡಿ ಡಾಕ್ಟರ್ ತೀರ್ಮಾನಿಸುತ್ತಾರೆ. ಬೇಕೆಂದಾದರೆ ರಿಪೋರ್ಟ್‌ಗೆ ಕಾಯದೆ ಮೊದಲ ಡೋಸ್ ಕೊಡಬೇಕು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋದ ಮಾರ್ಗಸೂಚಿಯ ಪ್ರಕಾರ ಟೆನೊಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ, ದಿನಕ್ಕೊಮ್ಮೆ, 28 ದಿನ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಂಟಾಸಿಡ್ ತೆಗೆದುಕೊಳ್ಳುವವರು ಅದನ್ನು ಮೊದಲೇ ಡಾಕ್ಟರ್‌ಗೆ ತಿಳಿಸಬೇಕು, ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮುಂದಿನ ತಪಾಸಣೆಗೆ ಸಸೂನ್ ಆಸ್ಪತ್ರೆಯ ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬಹುದು.

ಹೆಪಟೈಟಿಸ್ ಬಿ ಲೆಕ್ಕ ಬೇರೆ. ಲಸಿಕೆ ಪೂರ್ತಿಯಾಗಿ ರಕ್ತದಲ್ಲಿ ಪ್ರತಿಕಾಯದ ಮಟ್ಟ ಮಿಲಿಲೀಟರ್‌ಗೆ 10 ಎಂಐಯುಗಿಂತ ಮೇಲಿದ್ದರೆ ಏನೂ ಬೇಡ. ಲಸಿಕೆಯೇ ಆಗಿರದಿದ್ದರೆ, ರೋಗಿ ಪಾಸಿಟಿವ್ ಆಗಿದ್ದರೆ, ಇಮ್ಯುನೊಗ್ಲೋಬ್ಯುಲಿನ್ ಮತ್ತು ಲಸಿಕೆ ಎರಡೂ ಬೇಕು, ಬೇರೆ ಬೇರೆ ಜಾಗಕ್ಕೆ, ಆದಷ್ಟು 24 ಗಂಟೆಯೊಳಗೆ. ಹೆಪಟೈಟಿಸ್ ಸಿಗೆ ತಡೆಯುವ ಔಷಧ ಇಲ್ಲ. ಪರೀಕ್ಷೆ ಮಾಡುತ್ತಾ ಹೋಗಬೇಕು. ಬಂದರೂ ಈಗಿನ ಮಾತ್ರೆಗಳಿಂದ ಬಹುತೇಕರಿಗೆ ಗುಣವಾಗುತ್ತದೆ.

ಎಚ್‌ಐವಿ ಪರೀಕ್ಷೆ ಮೊದಲ ದಿನ, ಆಮೇಲೆ 6 ವಾರ, 3 ತಿಂಗಳು, 6 ತಿಂಗಳಿಗೆ. ಆ ಅವಧಿಯಲ್ಲಿ ರಕ್ತದಾನ ಬೇಡ, ಕಾಂಡೋಮ್ ಬಳಸಬೇಕು. ಈ ಮಾತನ್ನು ಮಾವಶಿಗೆ ಹೇಳುವಾಗ ಬಾಗಿಲು ಮುಚ್ಚಿರಬೇಕು, ಅವರ ಭಾಷೆ ಬಲ್ಲ ಒಬ್ಬ ಹೆಂಗಸು ಇರಬೇಕು. ರೋಗಿಯ ರಕ್ತ ಪರೀಕ್ಷೆಗೂ ಒಪ್ಪಿಗೆ ಬೇಕು. ಎಚ್‌ಐವಿ ಕುರಿತ 2017ರ ಕಾಯ್ದೆ ಒಪ್ಪಿಗೆಯನ್ನೂ ಗುಟ್ಟನ್ನೂ ಕಡ್ಡಾಯ ಮಾಡಿದೆ. ಅದೇ ಕಾಯ್ದೆ ಸಿಬ್ಬಂದಿಗೆ ಪಿಇಪಿ ಕೊಡುವುದನ್ನು ಸಂಸ್ಥೆಯ ಹೊಣೆ ಮಾಡಿದೆ.

ತರಬೇತಿ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಸೂಜಿಗಾಯ ಈ ನಿಯಮದ ‘ದೊಡ್ಡ ಅಪಘಾತ’ದ ಪಟ್ಟಿಯಲ್ಲಿಲ್ಲ, ಆದರೂ ವಾರ್ಷಿಕ ವರದಿಯಲ್ಲಿ ಸೇರಿಸಬೇಕು. ದಾಖಲಾತಿ ಚೆನ್ನಾಗಿದ್ದರೆ ಯಾವ ವಾರ್ಡ್‌ನಲ್ಲಿ, ಯಾವ ಪಾಳಿಯಲ್ಲಿ, ಯಾವ ಸೂಜಿಯಿಂದ ಅಂತ ತಿಳಿಯುತ್ತದೆ.

ವರ್ಷಕ್ಕೊಮ್ಮೆ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಸಹಿ ಸಿಗುತ್ತದೆ, ಕಲಿಕೆ ಆಗುವುದಿಲ್ಲ. ನನ್ನ ಸಲಹೆ: ಪಾಳಿ ಬದಲಾಗುವ ಹೊತ್ತಿಗೆ ವಾರ್ಡ್‌ನಲ್ಲೇ 15 ನಿಮಿಷ. ನರ್ಸ್‌ಗಳು ಒಂದೇ ಕೈಯಿಂದ ಕ್ಯಾಪ್ ಹಾಕಿ ತೋರಿಸಲಿ. ಮಾವಶಿಯರು ಚೀಲವನ್ನು ಮೈಗೆ ತಾಗಿಸದೆ, ಕುತ್ತಿಗೆ ಹಿಡಿದು ಎತ್ತಲಿ. ಆಮೇಲೆ ಎಲ್ಲರಿಗೂ ಒಂದೇ ಪ್ರಶ್ನೆ: ‘ಅಕ್ಕ, ಈಗ ಸೂಜಿ ಚುಚ್ಚಿತು, ಏನು ಮಾಡುತ್ತೀರಿ?’ ಬಾಯಿಂದ ಹೇಳಿದರೆ ಸಾಲದು, ನಲ್ಲಿಯವರೆಗೆ ನಡೆದು, ಯಾರಿಗೆ ಫೋನ್ ಮಾಡಬೇಕೋ ಆ ನಂಬರ್ ತೋರಿಸಬೇಕು.

ಇದರ ಜೊತೆಗೆ ಆಡಳಿತದಿಂದ ಒಂದು ಪತ್ರ ಬೇಕು: ಸೂಜಿಗಾಯ ಹೇಳಿದ್ದಕ್ಕೆ ಗುತ್ತಿಗೆದಾರ ಯಾರ ಸಂಬಳವನ್ನೂ ಕಡಿಯುವಂತಿಲ್ಲ, ಪರೀಕ್ಷೆ ಮತ್ತು ಮಾತ್ರೆಯ ಖರ್ಚು ಆಸ್ಪತ್ರೆಯದು. ಕನ್ನಡ ಮತ್ತು ಮರಾಠಿಯಲ್ಲಿ ಬರೆದು ಮಾವಶಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ ಅಂಟಿಸಬೇಕು. ಓದಲು ಬಾರದವರಿಗೆ ಡ್ಯೂಟಿ ಸಿಸ್ಟರ್ ಓದಿ ಹೇಳಬೇಕು.