ತಿಪಟೂರಿನ ಮನೆಯ ಮೇಲಿನ ಸಾಲದ ಮಂಜೂರಾತಿ ಪತ್ರ: ಅಪ್ಪನಿಗಾಗಿ ಒಂದು ಹಾಳೆಯ ಸಾರಾಂಶ

ಅಪ್ಪ ಅವರಿಗೆ,

ಮನೆಯ ಮೇಲೆ ಮಹಡಿ ಕಟ್ಟಿಸಲು ತಮ್ಮ ಕೇಳಿದ್ದ ಸಾಲಕ್ಕೆ ಬ್ಯಾಂಕ್ ಮಂಜೂರಾತಿ ಕೊಟ್ಟಿದೆ. 2025ರ ನವೆಂಬರ್ 10ರ ತಾರೀಖಿನ ಆ ಪತ್ರ ಇಂಗ್ಲಿಷಿನಲ್ಲಿದ್ದು, ಒಂಬತ್ತು ಪುಟಗಳಿವೆ. ಅದರಲ್ಲಿ ನಿಮಗೆ ಸಂಬಂಧಪಟ್ಟದ್ದನ್ನು ಮಾತ್ರ ಈ ಹಾಳೆಯ ಎರಡೂ ಬದಿಗಳಲ್ಲಿ ಬರೆದಿದ್ದೇನೆ. ಮೂಲ ಪತ್ರದೊಂದಿಗೆ ತಾಳೆ ನೋಡಲು ಅನುಕೂಲವಾಗಲೆಂದು ಅಲ್ಲಲ್ಲಿ ಷರತ್ತಿನ ಸಂಖ್ಯೆಯನ್ನೂ ಕೊಟ್ಟಿದ್ದೇನೆ. ಈ ಪತ್ರ ಬ್ಯಾಂಕಿನ ಒಪ್ಪಿಗೆ ಮಾತ್ರ. ಸಾಲಪತ್ರಗಳಿಗೆ ಸಹಿ ಬಿದ್ದು ಹಣ ಬಿಡುಗಡೆಯಾಗುವವರೆಗೆ ನಿಮ್ಮ ಮೇಲೆ ಯಾವ ಸಾಲವೂ ಇಲ್ಲ.

ಸಾಲ ಎಷ್ಟು, ಕಂತು ಎಷ್ಟು

ಮಂಜೂರಾದ ಮೊತ್ತ 18,00,000 ರೂಪಾಯಿ, ಅವಧಿ 15 ವರ್ಷ, ಅಂದರೆ 180 ಕಂತುಗಳು. ಪತ್ರದ ತಾರೀಖಿನ ಬಡ್ಡಿ ವರ್ಷಕ್ಕೆ ಶೇ 8.75 ಆಗಿದ್ದು, ತಿಂಗಳ ಕಂತು 17,990 ರೂಪಾಯಿ ಬರುತ್ತದೆ. ಬಡ್ಡಿ ಕೊನೆಯವರೆಗೂ ಹೀಗೆಯೇ ಇದ್ದರೆ ಒಟ್ಟು ಕಟ್ಟುವುದು 32,38,200 ರೂಪಾಯಿ, ಅದರಲ್ಲಿ ಬಡ್ಡಿಯೇ 14,38,200. ಮೊದಲ ವರ್ಷಗಳಲ್ಲಿ ಅಸಲು ಕರಗುವುದು ನಿಧಾನ: ಮೊದಲ ಕಂತಿನ 17,990ರಲ್ಲಿ 13,125 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಜಮೆಯಾಗುವುದು 4,865 ಮಾತ್ರ. ಎರಡು ವರ್ಷ ಕಟ್ಟಿದ ಮೇಲೂ ಸಾಲ ಅಷ್ಟೇ ಇದ್ದಂತೆ ಕಂಡರೆ, ಬ್ಯಾಂಕಿನವರು ಮೋಸ ಮಾಡಿದ್ದಾರೆ ಎಂದುಕೊಳ್ಳಬೇಡಿ.

ಈ ಬಡ್ಡಿ ಸ್ಥಿರವಲ್ಲ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರವಾದ ರೆಪೊ 2025ರ ನವೆಂಬರ್ 10ರಂದು ಶೇ 5.50 ಇತ್ತು, ಅದಕ್ಕೆ ಬ್ಯಾಂಕ್ ತನ್ನ ಪಾಲಿನ ಶೇ 3.25 ಸೇರಿಸಿ 8.75 ಮಾಡಿದೆ. ರೆಪೊ ಇಳಿದರೆ ನಮ್ಮ ಬಡ್ಡಿಯೂ ಇಳಿಯುತ್ತದೆ, ಏರಿದರೆ ಏರುತ್ತದೆ. ಈ ಬದಲಾವಣೆ ಮೂರು ತಿಂಗಳಿಗೊಮ್ಮೆ ಲೆಕ್ಕಕ್ಕೆ ಬರುತ್ತದೆ. ಷರತ್ತು 6ರ ಪ್ರಕಾರ, ಬಡ್ಡಿ ಏರಿದಾಗ ನಾವು ಬೇರೆ ಹೇಳದಿದ್ದರೆ ಬ್ಯಾಂಕ್ ಕಂತನ್ನು ಹಾಗೆಯೇ ಉಳಿಸಿ ಅವಧಿಯನ್ನು ಹಿಗ್ಗಿಸುತ್ತದೆ. ಮೊದಲ ದಿನದಿಂದಲೇ ಬಡ್ಡಿ ಅರ್ಧ ಶೇಕಡಾ ಹೆಚ್ಚಿತ್ತು ಎಂದಿಟ್ಟುಕೊಂಡರೆ, ಕಂತು ಏರಿಸಿಕೊಂಡಲ್ಲಿ ತಿಂಗಳಿಗೆ ಸುಮಾರು 535 ರೂಪಾಯಿ ಹೆಚ್ಚು ಬೀಳುತ್ತದೆ. ಕಂತು ಏರಿಸದಿದ್ದರೆ ಸಾಲ ಸುಮಾರು ಒಂದು ವರ್ಷ ಹೆಚ್ಚು ಎಳೆಯುತ್ತದೆ. ಯಾವುದು ಬೇಕೆಂದು ಆರಿಸಿಕೊಳ್ಳುವ ಅವಕಾಶವನ್ನು ಬ್ಯಾಂಕ್ ಕೊಡಲೇಬೇಕು. ಕಂತು ಏರಿಸಿಕೊಳ್ಳುವುದೇ ಮೇಲೆಂದು ನನಗನ್ನಿಸುತ್ತದೆ, ತಮ್ಮನೂ ಒಪ್ಪಿದ್ದಾನೆ.

ಕೈಯಲ್ಲಿ ಹಣ ಬಂದಾಗ ಸಾಲವನ್ನು ಭಾಗಶಃ ಅಥವಾ ಪೂರ್ತಿ ಮುಂಚಿತವಾಗಿ ತೀರಿಸಬಹುದು, ಅದಕ್ಕೆ ದಂಡವಿಲ್ಲ.

ನಿಮ್ಮ ಪಾಲಿನ ಹೊಣೆ

ಈ ಹಾಳೆಯಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದೇ. ಮನೆ ನಿಮ್ಮ ಹೆಸರಿನಲ್ಲಿರುವುದರಿಂದ ಬ್ಯಾಂಕಿಗೆ ನಿಮ್ಮದೊಂದು ಜಾಮೀನು ಸಹಿ ಸಾಕು ಎಂದು ನೀವು ತಿಳಿದುಕೊಂಡಿದ್ದೀರಿ. ಪತ್ರದಲ್ಲಿ ಹಾಗಿಲ್ಲ. ಅದರ ಮೊದಲ ಪುಟದಲ್ಲಿಯೇ ತಮ್ಮನನ್ನು ಸಾಲಗಾರ ಎಂದೂ ನಿಮ್ಮನ್ನು ಸಹ-ಸಾಲಗಾರ ಎಂದೂ ನಮೂದಿಸಿದ್ದಾರೆ. ಷರತ್ತು 3ರ ಪ್ರಕಾರ ಇಬ್ಬರೂ ಒಟ್ಟಾಗಿಯೂ ಹೊಣೆ, ಬೇರೆಬೇರೆಯಾಗಿಯೂ ಹೊಣೆ. ಅರ್ಥಾತ್, ಅರ್ಧ ಸಾಲ ಅವನದು, ಅರ್ಧ ನಿಮ್ಮದು ಎಂಬ ಹಂಚಿಕೆ ಇಲ್ಲಿಲ್ಲ. ಅವನು ಕಟ್ಟದಿದ್ದರೆ ಬಾಕಿಯಷ್ಟನ್ನೂ ಬ್ಯಾಂಕ್ ನೇರವಾಗಿ ನಿಮ್ಮನ್ನೇ ಕೇಳಬಹುದು. ಕಂತುಗಳು ತಮ್ಮನ ಸಂಬಳದ ಖಾತೆಯಿಂದ ಪ್ರತಿ ತಿಂಗಳ 5ರಂದು ತಾನಾಗಿಯೇ ಕಡಿತವಾಗುತ್ತವೆ, ಸಾಲದ ಅರ್ಹತೆಗೆ ನಿಮ್ಮ ಪಿಂಚಣಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂಬುದೆಲ್ಲ ನಿಜವೇ. ಆದರೆ ಅದರಿಂದ ನಿಮ್ಮ ಹೊಣೆ ಕಡಿಮೆಯಾಗುವುದಿಲ್ಲ.

ಅಡಮಾನವಾಗುವುದು ಹೊಸ ಮಹಡಿಯಷ್ಟೇ ಅಲ್ಲ. ನಿವೇಶನವೂ ಸೇರಿದಂತೆ ನೀವೂ ಅಮ್ಮನೂ ಈಗ ಇರುವ ಇಡೀ ಮನೆ ಅಡಮಾನಕ್ಕೆ ಒಳಪಡುತ್ತದೆ. 1994ರ ಮೂಲ ಕ್ರಯಪತ್ರ, ಅದರ ಹಿಂದಿನ ಮಾಲೀಕರ ಪತ್ರ, ಇ-ಖಾತಾ, ಈ ವರ್ಷದ ಕಂದಾಯ ರಸೀದಿ, ನಗರಸಭೆ ಮಂಜೂರು ಮಾಡಿದ ನಕ್ಷೆ, ಋಣಭಾರ ಪ್ರಮಾಣಪತ್ರ ಇವೆಲ್ಲ ಬ್ಯಾಂಕಿನ ವಶಕ್ಕೆ ಹೋಗುತ್ತವೆ. ಈ ಪತ್ರಗಳನ್ನು ಇಟ್ಟ ಬಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅದರ ಮುದ್ರಾಂಕ ಶುಲ್ಕ ನಮ್ಮದೇ. ಅಲ್ಲಿಂದ ಮುಂದೆ ಯಾರು ಋಣಭಾರ ಪ್ರಮಾಣಪತ್ರ ತೆಗೆಸಿದರೂ ಈ ಸಾಲ ಅದರಲ್ಲಿ ಕಾಣುತ್ತದೆ, ಮತ್ತು ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮನೆಯನ್ನು ಮಾರುವುದಾಗಲಿ, ದಾನಪತ್ರ ಮಾಡುವುದಾಗಲಿ, ಮೇಲಿನ ಮಹಡಿಯನ್ನು ಭೋಗ್ಯಕ್ಕೆ ಕೊಡುವುದಾಗಲಿ ಸಾಧ್ಯವಿಲ್ಲ (ಷರತ್ತು 11). ಉಯಿಲು ಬರೆಯಲು ಅಡ್ಡಿಯಿಲ್ಲ. ಆದರೆ ಆಗ ಬಾಕಿ ಉಳಿದಿರುವ ಸಾಲದ ಸಮೇತವೇ ಮನೆ ವಾರಸುದಾರರ ಕೈಗೆ ಬರುತ್ತದೆ. ವಾರಸುದಾರರಲ್ಲಿ ನಾನೂ ಒಬ್ಬಳಾದ್ದರಿಂದ ಈ ವಾಕ್ಯವನ್ನು ಬರೆಯಲು ಸ್ವಲ್ಪ ಮುಜುಗರವಾಯಿತು, ಆದರೂ ಪತ್ರದಲ್ಲಿ ಇರುವುದನ್ನು ಬಿಡುವ ಹಾಗಿಲ್ಲ.

ಷರತ್ತು 14 ಸಣ್ಣ ಅಕ್ಷರದಲ್ಲಿದೆ. ಸಾಲ ಬಾಕಿ ಬಿದ್ದರೆ, ಸಹ-ಸಾಲಗಾರರಿಗೆ ಅದೇ ಬ್ಯಾಂಕಿನಲ್ಲಿರುವ ಇತರ ಖಾತೆಗಳ ಹಣವನ್ನೂ ಬಾಕಿಗೆ ಮುರಿದುಕೊಳ್ಳುವ ಹಕ್ಕನ್ನು ಬ್ಯಾಂಕ್ ಅದರಲ್ಲಿ ಉಳಿಸಿಕೊಂಡಿದೆ. ಆಸ್ಪತ್ರೆ ಖರ್ಚಿಗೆಂದು ನೀವು ಇಟ್ಟಿರುವ 4,00,000 ರೂಪಾಯಿಯ ಠೇವಣಿ ಇರುವುದು ಇದೇ ಶಾಖೆಯಲ್ಲಿ. ಮಾರ್ಚ್ ತಿಂಗಳಲ್ಲಿ ಅದರ ಅವಧಿ ಮುಗಿದಾಗ ಅಲ್ಲಿಯೇ ನವೀಕರಿಸದೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕುವುದು ಒಳ್ಳೆಯದು. ಅಲ್ಲಿ ಈಗ ಶೇ 8.2 ಬಡ್ಡಿ ಇದ್ದು, ಮೂರು ತಿಂಗಳಿಗೊಮ್ಮೆ ಕೈಗೆ ಸಿಗುತ್ತದೆ.

ಕಂತು ತಪ್ಪಿದರೆ

ಒಂದು ಕಂತು ಕೆಲವು ದಿನ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ತಡವಾದ ಮೊತ್ತದ ಮೇಲೆ ವರ್ಷಕ್ಕೆ ಶೇ 2ರ ಲೆಕ್ಕದಲ್ಲಿ ದಂಡ ಶುಲ್ಕ ಬೀಳುತ್ತದೆ, ಒಂದು ಕಂತಿಗೆ ತಿಂಗಳಿಗೆ ಸುಮಾರು 30 ರೂಪಾಯಿ. ಈ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಬಾಕಿ 90 ದಿನ ದಾಟಿದರೆ ಮಾತ್ರ ವಿಷಯ ಗಂಭೀರ. ಆಗ ಬ್ಯಾಂಕ್ ಇದನ್ನು ವಸೂಲಾಗದ ಸಾಲವೆಂದು ಗುರುತಿಸಿ, 60 ದಿನಗಳೊಳಗೆ ಪೂರ್ತಿ ಬಾಕಿ ಕಟ್ಟುವಂತೆ, ಅಡಮಾನದ ಆಸ್ತಿಯಿಂದ ಸಾಲ ವಸೂಲು ಮಾಡಲು ಇರುವ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ ನೋಟಿಸ್ ಕೊಡಬಹುದು. ಆಗಲೂ ಕಟ್ಟದಿದ್ದರೆ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕುವ ಅಧಿಕಾರ ಅದಕ್ಕಿದೆ. ಆ ನೋಟಿಸು ನಿಮ್ಮ ಹೆಸರಿಗೂ ಬರುತ್ತದೆ. ಆದ್ದರಿಂದ ಕಂತು ಕಡಿತದ ಸಂದೇಶ ತಮ್ಮನ ಜೊತೆಗೆ ನಿಮ್ಮ ಮೊಬೈಲಿಗೂ ಬರುವಂತೆ ಅರ್ಜಿಯಲ್ಲಿ ನಿಮ್ಮ ನಂಬರನ್ನೂ ಬರೆಸಬೇಕು. ಬ್ಯಾಂಕಿನಿಂದ ಸ್ಪೀಡ್ ಪೋಸ್ಟ್ ಬಂದರೆ ಹಿಂದಕ್ಕೆ ಕಳುಹಿಸದೆ ತೆಗೆದುಕೊಂಡು, ಅಂದೇ ನನಗೆ ಫೋನ್ ಮಾಡಿ.

ಹಣ ಬರುವ ಬಗೆ

ಕಟ್ಟಡದ ಅಂದಾಜು ವೆಚ್ಚ 24,00,000. ಇದರಲ್ಲಿ 6,00,000 ರೂಪಾಯಿ ನಮ್ಮ ಪಾಲು, ಅದನ್ನು ಮೊದಲು ಖರ್ಚು ಮಾಡಿ ರಸೀದಿ ತೋರಿಸಬೇಕು. ಆಮೇಲೆ ಬ್ಯಾಂಕಿನ ಎಂಜಿನಿಯರ್ ಬಂದು ನೋಡಿದಂತೆ ಕೆಲಸ ಮುಂದುವರಿದಷ್ಟು ಹಣ ಬಿಡುಗಡೆಯಾಗುತ್ತದೆ. ಪೂರ್ತಿ ಹಣ ಬರುವವರೆಗೆ, ಅಥವಾ ಮೊದಲ ಬಿಡುಗಡೆಯಿಂದ 18 ತಿಂಗಳವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಬಿಡುಗಡೆಯಾದ ಹಣಕ್ಕೆ ಮಾತ್ರ ಬಡ್ಡಿ ಕಟ್ಟಿದರೆ ಸಾಕು. ಉದಾಹರಣೆಗೆ 5,00,000 ಬಂದಿದ್ದರೆ ತಿಂಗಳಿಗೆ 3,646 ರೂಪಾಯಿ. ಈ ಬಡ್ಡಿಯಿಂದ ಅಸಲು ಕಡಿಮೆಯಾಗುವುದಿಲ್ಲ, ಹಾಗಾಗಿ ಮೇಸ್ತ್ರಿ ಕೆಲಸ ಎಳೆದಷ್ಟೂ ನಷ್ಟ ನಮಗೇ.

ಸಂಸ್ಕರಣಾ ಶುಲ್ಕ ಜಿಎಸ್‌ಟಿ ಸೇರಿ 7,434 ರೂಪಾಯಿ. ವಕೀಲರ ಪರಿಶೀಲನೆ ಮತ್ತು ಮೌಲ್ಯಮಾಪನಕ್ಕೆ 6,000. ಸಾಲ ಬೇಡವೆಂದರೂ ಇವು ಹಿಂದಕ್ಕೆ ಬರುವುದಿಲ್ಲ.

ವಿಮೆಯ ಹಾಳೆ

ಪತ್ರದ ಎಂಟನೆಯ ಪುಟಕ್ಕೆ ಇನ್ನೊಂದು ಅರ್ಜಿಯನ್ನು ಪಿನ್ ಮಾಡಿದ್ದಾರೆ. ಅದು ತಮ್ಮನ ಹೆಸರಿನ ಸಾಲ ರಕ್ಷಣೆ ವಿಮೆಯದು. 62,400 ರೂಪಾಯಿಯ ಪ್ರೀಮಿಯಂ ಅನ್ನು ಒಂದೇ ಸಲ ಸಾಲಕ್ಕೇ ಸೇರಿಸುತ್ತಾರೆ. ಹಾಗೆ ಸೇರಿಸಿದರೆ ಕಂತು 624 ರೂಪಾಯಿ ಏರಿ 18,614 ಆಗುತ್ತದೆ, 15 ವರ್ಷಗಳಲ್ಲಿ ಆ 62,400ಕ್ಕೆ ನಾವು ಕಟ್ಟುವುದು 1,12,320. ಮಂಜೂರಾತಿಯ ಷರತ್ತುಗಳನ್ನು ಎರಡು ಬಾರಿ ಓದಿದೆ. ಈ ವಿಮೆ ಕಡ್ಡಾಯವೆಂದು ಎಲ್ಲಿಯೂ ಇಲ್ಲ. ಕಡ್ಡಾಯವಾಗಿರುವುದು ಬೆಂಕಿ, ಭೂಕಂಪ ಇತ್ಯಾದಿಗಳಿಗೆ ಮನೆಯ ಮೇಲೆ ಮಾಡಿಸಬೇಕಾದ ವಿಮೆ ಮಾತ್ರ, ಅದನ್ನು ಯಾವ ಕಂಪನಿಯಲ್ಲಿ ಬೇಕಾದರೂ ಮಾಡಿಸಬಹುದು (ಷರತ್ತು 9). ಸಾಲ ತೀರುವ ಮೊದಲು ತಮ್ಮನಿಗೆ ಏನಾದರೂ ಆದರೆ ಹೊರೆ ನಿಮ್ಮ ಮೇಲೆ ಬೀಳಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಅವನಿಗೆ ಈಗಾಗಲೇ 50,00,000 ರೂಪಾಯಿಯ ಟರ್ಮ್ ವಿಮೆ ಇದೆ. ಅರ್ಜಿಯಲ್ಲಿ ನಿಮ್ಮ ಸಹಿಯ ಜಾಗಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾರೆ. ಅಲ್ಲಿ ಸಹಿ ಹಾಕಬೇಡಿ. "ಇದಿಲ್ಲದೆ ಫೈಲ್ ಮುಂದಕ್ಕೆ ಹೋಗುವುದಿಲ್ಲ" ಎಂದು ಯಾರಾದರೂ ಅಂದರೆ, ಆ ಮಾತನ್ನೇ ಕಾಗದದಲ್ಲಿ ಬರೆದುಕೊಡಿ ಎಂದು ಕೇಳಿ.

ಸಹಿಯ ದಿನ

ಮಂಜೂರಾತಿ 2026ರ ಫೆಬ್ರುವರಿ 9ರವರೆಗೆ ಊರ್ಜಿತ. ಅಷ್ಟರೊಳಗೆ ಮೊದಲ ಹಣ ಬಿಡುಗಡೆಯಾಗಬೇಕು, ಹಾಗಾಗಿ ಅವಸರಪಡುವ ಅಗತ್ಯವಿಲ್ಲ. ಮಂಜೂರಾತಿ ಪತ್ರದ ಜೊತೆ ಕೆಎಫ್‌ಎಸ್ ಎಂಬ ಎರಡು ಪುಟದ ಮುಖ್ಯಾಂಶಗಳ ಹಾಳೆ ಇದೆ. ಶುಲ್ಕಗಳನ್ನೂ ಸೇರಿಸಿದರೆ ನಿಜವಾದ ವಾರ್ಷಿಕ ವೆಚ್ಚ ಶೇ 8.88 ಎಂದು ಅದರಲ್ಲಿ ತೋರಿಸಿದ್ದಾರೆ. ಅದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಅದನ್ನು ವಿವರಿಸಿ ಹೇಳಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಮಗೆ ಕೊಟ್ಟಿರುವುದು ಇಂಗ್ಲಿಷಿನದು. ಕನ್ನಡದ ಪ್ರತಿ ಕೈಗೆ ಬಂದು, ನೀವು ಓದಿ ಆದ ಮೇಲೆಯೇ ಸ್ವೀಕೃತಿಗೆ ಸಹಿ ಹಾಕಿ.

ಶಾಖೆಗೆ ಹೋಗುವಾಗ ಆಧಾರ್, ಪ್ಯಾನ್, ಎರಡು ಫೋಟೊ ಮತ್ತು ಓದುವ ಕನ್ನಡಕ ಇಟ್ಟುಕೊಳ್ಳಿ. ಖಾಲಿ ಬಿಟ್ಟ ಫಾರ್ಮಿಗೆ, "ಆಮೇಲೆ ತುಂಬಿಕೊಳ್ಳುತ್ತೇವೆ" ಎಂದರೂ, ಸಹಿ ಬೇಡ. ಮನೆಪತ್ರಗಳನ್ನು ಕೊಡುವ ಮೊದಲು ಪ್ರತಿಯೊಂದರ ಜೆರಾಕ್ಸ್ ತೆಗೆಸಿಡಿ. ಕೊಟ್ಟ ನಂತರ ಒಂದೊಂದು ಪತ್ರದ ಹೆಸರು, ತಾರೀಖು, ಪುಟಗಳ ಸಂಖ್ಯೆ ಇರುವ ಪಟ್ಟಿಗೆ ಬ್ಯಾಂಕಿನ ಮೊಹರು ಹಾಕಿಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಈ ಮೂಲ ಪತ್ರಗಳನ್ನು ಬ್ಯಾಂಕ್ ಹಿಂದಿರುಗಿಸಬೇಕು. ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಅಂದು ಏನೇನು ಹಿಂದಕ್ಕೆ ಬರಬೇಕೆಂದು ತೋರಿಸಲು ಆ ಪಟ್ಟಿಯೇ ಆಧಾರ. ಮೊಹರು ಬಿದ್ದ ಪಟ್ಟಿಯ ಒಂದು ಪ್ರತಿ ನಿಮ್ಮ ಪಿಂಚಣಿ ಕಡತದಲ್ಲಿರಲಿ, ಇನ್ನೊಂದನ್ನು ನನಗೆ ಕಳುಹಿಸಿ.

ನಿಮ್ಮ ಮಗಳು