ಹದಿನೇಳನೇ ಬೋರು

ಮೇಲ್ ಬಂದಾಗ ಸಂಜೆ ಏಳು ಗಂಟೆ. ಬಾಗಲಕೋಟೆಯ ನವನಗರದ ರೂಮಿನಲ್ಲಿ ಊಟಕ್ಕೆ ಕೂತಿದ್ದೆ. ಕೈಯಲ್ಲಿ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಚೂರು. ಫೋನಿನ ಮೇಲೆ ಜರ್ನಲ್‌ನ ಹೆಸರು ಕಂಡಿತು. ಚೂರನ್ನು ತಾಟಿಗೆ ಇಟ್ಟೆ, ಕೈ ತೊಳೆದೆ, ಒರೆಸಿಕೊಂಡೆ. ಆದರೂ ತೆರೆಯಲಿಲ್ಲ.

ಐದು ತಿಂಗಳು ಕಾದಿದ್ದೆ. ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಜರ್ನಲ್‌ನ ಪುಟ ನೋಡುತ್ತಿದ್ದೆ. 'ಅಂಡರ್ ರಿವ್ಯೂ' ಅಂತಲೇ ಇರುತ್ತಿತ್ತು. ಅವ್ವ ಫೋನು ಮಾಡಿದಾಗಲೆಲ್ಲ "ಬಂತೇನವಾ?" ಅನ್ನುತ್ತಿದ್ದಳು. ಏನು ಬರಬೇಕು ಅಂತ ಅವಳಿಗೆ ಸರಿಯಾಗಿ ಗೊತ್ತಿಲ್ಲ. ನಾನು ಕಾಯುತ್ತಿದ್ದೇನೆ ಅನ್ನುವುದು ಗೊತ್ತು, ಅಷ್ಟೇ.

ಲ್ಯಾಪ್‌ಟಾಪ್ ತೆರೆದೆ. ತಿರಸ್ಕಾರ ಅಲ್ಲ. 'ಮೇಜರ್ ರಿವಿಜನ್'. ಅರವತ್ತು ದಿನದ ಗಡುವು.

ಮೊದಲ ವಿಮರ್ಶಕರು ಆರು ಸಾಲು ಬರೆದಿದ್ದರು. ಒಳ್ಳೆಯ ಕೆಲಸ, ನಕ್ಷೆಯ ಅಕ್ಷರ ದೊಡ್ಡದು ಮಾಡಿ ಅಂತ. ಎರಡನೆಯವರದು ಮೂರು ಪುಟ, ಹದಿನಾಲ್ಕು ಅಂಶ. ಮೊದಲನೆಯದೇ ಎದೆಗೆ ತಾಗಿತು: "ಒಂದೇ ಬೇಸಿಗೆಯ ಮಾದರಿಗಳಿಂದ ಲೇಖಕರು ಇಡೀ ಪ್ರದೇಶದ ಬಗ್ಗೆ ತೀರ್ಪು ಕೊಡುತ್ತಿದ್ದಾರೆ." ಒಂಬತ್ತನೆಯದು ಇನ್ನೂ ಕಟು: "ಅಯಾನ್ ಸಮತೋಲನದ ಲೆಕ್ಕ ಎಲ್ಲಿಯೂ ಇಲ್ಲ. ಅದಿಲ್ಲದೆ ಈ ಕೋಷ್ಟಕದ ಯಾವ ಅಂಕಿಯನ್ನೂ ನಾನು ನಂಬಲಾರೆ."

ಯಾವ ಅಂಕಿಯನ್ನೂ!

ಮೇ ತಿಂಗಳ ಬಿಸಿಲಿನಲ್ಲಿ ಹುನಗುಂದ, ಇಳಕಲ್ ಕಡೆಯ ಹಳ್ಳಿಗಳನ್ನು ಸುತ್ತಿ ನಲವತ್ತೆರಡು ಬೋರಿನ ನೀರು ತಂದವಳು ನಾನು. ಒಂದೊಂದು ಹ್ಯಾಂಡ್‌ಪಂಪನ್ನೂ ಹತ್ತು ನಿಮಿಷ ಜಗ್ಗಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಬಾಟಲಿ ಹಿಡಿದಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಇಳಕಲ್ ಅಂದರೆ ಜನಕ್ಕೆ ಸೀರೆ ನೆನಪಾಗುತ್ತದೆ, ಕೆಂಪು ಗ್ರಾನೈಟ್ ನೆನಪಾಗುತ್ತದೆ. ಅಂಥ ಕಲ್ಲಿನಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ನೀರು ವರ್ಷಗಟ್ಟಲೆ ಕಲ್ಲಿನ ಬಿರುಕಿನಲ್ಲಿ ಕೂತು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ನನ್ನ ಹದಿನೇಳನೇ ಬೋರಿನಲ್ಲಿ 3.8 ಇತ್ತು. ಇಡೀ ಪ್ರಬಂಧ ನಿಂತದ್ದೇ ಆ ಅಂಕಿಯ ಮೇಲೆ.

ಸಿಟ್ಟಿನಲ್ಲೇ ಉತ್ತರ ಬರೆಯಲು ಶುರು ಮಾಡಿದೆ. ವಿಮರ್ಶಕರು ಲೇಖನವನ್ನು ಸರಿಯಾಗಿ ಓದಿದಂತಿಲ್ಲ, ನಮ್ಮಲ್ಲಿನ ಅನುಕೂಲ ಎಷ್ಟು ಅಂತ ಅವರಿಗೆ ಗೊತ್ತಿಲ್ಲ. ಹೀಗೆ ಅರ್ಧ ಪುಟ. ರೂಮಿನ ಗೆಳತಿ ಶೋಭಾ ಲೈಬ್ರರಿಯಿಂದ ಬಂದಳು. ತಾಟು ನೋಡಿದಳು, ನನ್ನ ಮುಖ ನೋಡಿದಳು.

"ಯಾಕಕ್ಕಾ, ಉಣ್ಣಾಕ ಕುಂತಾಕಿ ಹಂಗ ಎದ್ದಿ?"

ಓದಿ ಹೇಳಿದೆ. ಅವಳು ಬಿ.ಎಡ್. ಓದುವ ಹುಡುಗಿ, ರಸಾಯನಶಾಸ್ತ್ರ ಅವಳ ವಿಷಯ ಅಲ್ಲ. ಎಲ್ಲ ಕೇಳಿಸಿಕೊಂಡು, "ಆ ಒಂಬತ್ತನೇದು ಖರೇ ಐತೇನಕ್ಕಾ?" ಅಂದಳು.

ಉತ್ತರ ಕೊಡಲಾಗಲಿಲ್ಲ. ಯಾಕೆಂದರೆ ಆ ಲೆಕ್ಕವನ್ನು ನಾನು ಮಾಡಿಯೇ ಇರಲಿಲ್ಲ.

ಕಷ್ಟದ ಲೆಕ್ಕ ಅಲ್ಲ ಅದು. ನೀರಿನಲ್ಲಿ ಧನ ವಿದ್ಯುತ್ತಿನ ಅಯಾನುಗಳು ಎಷ್ಟೋ, ಋಣದವೂ ಅಷ್ಟೇ ಇರಬೇಕು. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ 5ರ ಒಳಗೆ ಬರಬೇಕು. ಜಾಸ್ತಿ ಬಂದರೆ ಎಲ್ಲೋ ಏನೋ ತಪ್ಪಿ ಅಳೆದಿದ್ದೇವೆ ಅಂತ. ಎಕ್ಸೆಲ್‌ನಲ್ಲಿ ಒಂದು ಕಾಲಂ ಸೇರಿಸಿ ಸೂತ್ರ ಕೆಳಗೆ ಎಳೆದೆ. 2.1. 3.4. ಮೈನಸ್ 1.8. ಉಸಿರು ಹಗುರಾಯಿತು. ಹದಿನೇಳನೇ ಸಾಲು: 11.3.

ಫೀಲ್ಡ್ ನೋಟ್‌ಬುಕ್ ತೆಗೆದೆ. ಬೆವರಿಗೆ ಶಾಯಿ ಹರಡಿತ್ತು, ಆದರೂ ಓದಬಹುದಿತ್ತು. "17. ಗುರುವಾರ. ಲ್ಯಾಬಿನಲ್ಲಿ ಕರೆಂಟ್ ಇಲ್ಲ, ಫ್ರಿಜ್ ಬಂದ್. ಟೈಟ್ರೇಷನ್ ಸೋಮವಾರ."

ನಾಲ್ಕು ದಿನ ಆ ಬಾಟಲಿ ಸೆಕೆಯಲ್ಲಿ ನಿಂತಿತ್ತು. ಏನಾಗಿರಬಹುದು ಅಂತ ಈಗ ಹೊಳೆಯಿತು. ಆಸಿಡ್ ಹಾಕಿಟ್ಟ ಬಾಟಲಿಯಲ್ಲಿ ಕ್ಯಾಲ್ಸಿಯಂ ಹಾಗೇ ಉಳಿಯುತ್ತದೆ. ಆಸಿಡ್ ಹಾಕದ ಬಾಟಲಿಯಲ್ಲಿ ಅದು ಸುಣ್ಣವಾಗಿ ತಳ ಹಿಡಿಯುತ್ತದೆ, ಹೋಗುವಾಗ ಬೈಕಾರ್ಬೊನೇಟನ್ನೂ ಎಳೆದುಕೊಂಡು ಹೋಗುತ್ತದೆ. ನಾನು ಕ್ಯಾಲ್ಸಿಯಂ ಅಳೆದದ್ದು ಒಂದರಲ್ಲಿ, ಬೈಕಾರ್ಬೊನೇಟ್ ಇನ್ನೊಂದರಲ್ಲಿ. ಫ್ಲೋರೈಡ್ ಅಂಕಿ ಸರಿಯೇ ಇರಬಹುದು. ಆದರೆ 'ಇರಬಹುದು' ಅಂತ ಕೋಷ್ಟಕದಲ್ಲಿ ಬರೆಯಲು ಬರುವುದಿಲ್ಲ.

ಬೈಕಾರ್ಬೊನೇಟ್ ಕಾಲಂಗೆ ಕರ್ಸರ್ ಒಯ್ದೆ. 290 ಇದ್ದದ್ದನ್ನು 380 ಮಾಡಿದೆ. 11.3 ಹೋಗಿ 4.6 ಬಂತು. ಒಂದೇ ಅಂಕಿ. ಆ ನೋಟ್‌ಬುಕ್ಕು ನನ್ನ ಬಳಿ ಬಿಟ್ಟರೆ ಬೇರೆ ಯಾರ ಬಳಿಯೂ ಇಲ್ಲ. ಶೋಭಾ ಮುಸುಕು ಹಾಕಿ ಮಲಗಿದ್ದಳು. ಆ 380ನ್ನು ಎಷ್ಟು ಹೊತ್ತು ನೋಡುತ್ತ ಕೂತೆನೋ. ಹೊಟ್ಟೆಯಲ್ಲಿ ಏನೋ ತಿರುವಿದಂತಾಯಿತು. 290 ಅಂತ ಮತ್ತೆ ಬರೆದೆ. ಸೇವ್ ಮಾಡಿದೆ.

ಬೆಳಿಗ್ಗೆ ಗೈಡ್ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ, 380ರ ಮಾತೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎರಡು ದಾರಿ ಅದಾವ ನೋಡವಾ. ಆ ಸ್ಯಾಂಪಲ್ ಬಿಟ್ಟು, ಯಾಕ ಬಿಟ್ವಿ ಅಂತ ಬರಿ. ಅದೂ ತಪ್ಪಲ್ಲ. ಇಲ್ಲಾಂದ್ರ ಮತ್ತ ಹೋಗು. ಮಳಿ ಮುಗದೈತಿ, ಮೊದಲನೇ ಕಾಮೆಂಟಿಗೂ ಉತ್ತರ ಸಿಗತೈತಿ. ನೀನ ಹೇಳು."

"ಹೋಗ್ತೀನ್ರಿ ಮೇಡಂ."

ರಾತ್ರಿ ಬರೆದ ಅರ್ಧ ಪುಟ ಅಳಿಸಿದೆ. ಒಂಬತ್ತನೆಯ ಅಂಶದ ಕೆಳಗೆ ಬರೆದೆ: "ವಿಮರ್ಶಕರ ಮಾತು ಸರಿ. ಈ ಲೆಕ್ಕವನ್ನು ನಾವು ಮಾಡಿರಲಿಲ್ಲ. ಈಗ ಮಾಡಿದ್ದೇವೆ. 17ನೇ ಮಾದರಿಯಲ್ಲಿ ದೋಷ ಕಂಡಿದೆ." ಮುಂದಿನ ಸಾಲಿಗೆ ಜಾಗ ಬಿಟ್ಟೆ.

ಮರುದಿನ ಅಮೀನಗಡ, ಹುನಗುಂದ ದಾಟಿ ಬಸ್ಸು ಇಳಿದಾಗ ಹತ್ತು ಗಂಟೆ. ಈ ಸಲ ಬ್ಯುರೆಟ್ಟು, ಆಸಿಡ್ಡು, ಮಿಥೈಲ್ ಆರೆಂಜ್ ಎಲ್ಲ ಜೊತೆಗೇ ತಂದಿದ್ದೆ, ಟೈಟ್ರೇಷನ್ ಅಲ್ಲೇ ಮಾಡುವುದು ಅಂತ. ಬೋರಿನ ಹತ್ತಿರ ಅದೇ ಹೆಂಗಸು ಕೊಡ ತುಂಬುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು, ಏಳೆಂಟು ವರ್ಷದವಳು. ನನ್ನನ್ನು ನೋಡಿ ನಕ್ಕಳು. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ.

"ಬಂದ್ರಿ?" ಅಂದಳು ತಾಯಿ. "ಬ್ಯಾಸಿಗ್ಯಾಗ ಬಾಟ್ಲಿ ತುಂಬಿಕೊಂಡು, ಹೇಳ್ತೀನಿ ಅಂದು ಹೋದೋರು. ನೀರು ಕುಡೀಬೇಕೋ ಬ್ಯಾಡೋ?"

ಮೂರು ಪುಟದ ಕಾಮೆಂಟಿನಲ್ಲಿ ಈ ಪ್ರಶ್ನೆ ಇರಲಿಲ್ಲ. ನನ್ನ ಪ್ರಬಂಧದಲ್ಲೂ ಇರಲಿಲ್ಲ. ಆ ಅಂಕಿಯನ್ನು ಐದು ತಿಂಗಳ ಹಿಂದೆ ಜರ್ನಲ್‌ಗೆ ಕಳಿಸಿದ್ದೆ. ಇವಳಿಗೆ ಹೇಳಿರಲಿಲ್ಲ.

"ತಪ್ಪಾತ್ರಿ ಅಕ್ಕಾರ. ಅವತ್ತ ನೋಡಿದಾಗ ಫ್ಲೋರೈಡ್ ಜಾಸ್ತಿ ಬಂದಿತ್ರಿ. ಇವತ್ತ ಮತ್ತೊಮ್ಮೆ ಖಾತ್ರಿ ಮಾಡ್ತೀನಿ. ನಾಡಿದ್ದು ಸಂಜೀಕ ಫೋನ್ ಹಚ್ಚಿ ಹೇಳ್ತೀನ್ರಿ. ಅಲ್ಲೀತನಕ ಕುಡ್ಯಾಕ ಇದು ಬ್ಯಾಡ್ರಿ, ಕೂಸಿಗಂತೂ ಬ್ಯಾಡ."

ಅವಳು ನನ್ನನ್ನೇ ನೋಡಿದಳು. ಆಮೇಲೆ ನಂಬರ್ ಹೇಳಿದಳು, ಒಂದೊಂದೇ ಅಂಕಿ, ನಿಧಾನಕ್ಕೆ. ನೋಟ್‌ಬುಕ್ಕಿನಲ್ಲಿ 17ರ ಪಕ್ಕದಲ್ಲೇ ಬರೆದುಕೊಂಡು, ಓದಿ ಹೇಳಿದೆ. ಹೌದು ಅಂದಳು.

ತುಂಬಿದ ಕೊಡವನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸರೀರಿ, ನಾ ಜಗ್ಗತೀನಿ. ನೀವು ಬಾಟ್ಲಿ ಹಿಡೀರಿ."

"ಹತ್ತು ನಿಮಿಷ ಜಗ್ಗಬೇಕ್ರಿ ಮೊದಲು," ಅಂದೆ.

ವಾಚು ಬಿಚ್ಚಿ ಮಗಳ ಕೈಗೆ ಕೊಟ್ಟೆ.